ದಿನಾ ಬೆಳಿಗ್ಗೆಯ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ಬಾಯಿ ಬಿಡದವರಿಗೆ ಫೀಡ್‌ಬ್ಯಾಕ್ ಹೇಳೋದು ಹೇಗೆ?

"ಟೆಸ್ಟಿಂಗ್ ಟೀಮಿನ ಹುಡುಗಿ, ಸೇರಿ 7 ತಿಂಗಳು, ಕೆಲಸ ಚೊಕ್ಕ. ಮಂಗಳವಾರ ಪೇಮೆಂಟ್ ಬಗ್ ಗೊತ್ತಿದ್ದೂ ಸ್ಟ್ಯಾಂಡ್‌ಅಪ್‌ನಲ್ಲಿ ಹೇಳಲಿಲ್ಲ, ಸಂಜೆ 5ಕ್ಕೆ ಚಾಟ್‌ನಲ್ಲಿ ಹಾಕಿದಳು. ಸಂದರ್ಭ-ನಡೆ-ಪರಿಣಾಮ ಕ್ರಮದಲ್ಲಿ ಹೇಳಬೇಕು ಅಂತಿದ್ದೀನಿ. ಅವಳಿಗೆ ಬಲು ಸಂಕೋಚ, ಅಳಿಸದೆ ಹೇಗೆ ಹೇಳಲಿ?"

ಹಳೇ ಲೀಡ್: ಆ ಮೂರರಲ್ಲಿ ಎಲ್ಲರೂ ಎಡವೋದು ನಡೆ ಹೇಳುವಾಗ. "ತುಂಬಾ ಸಂಕೋಚ ನಿಮಗೆ" ಅಂದರೆ ಅದು ಸ್ವಭಾವದ ಮೇಲೆ ತೀರ್ಪು. ಕ್ಯಾಮೆರಾ ಇಟ್ಟಿದ್ದರೆ ಏನು ಕಾಣ್ತಿತ್ತೋ ಅಷ್ಟೇ ಹೇಳಿ: "ಮಂಗಳವಾರ ಸ್ಟ್ಯಾಂಡ್‌ಅಪ್‌ನಲ್ಲಿ ಪೇಮೆಂಟ್ ವಿಷಯ ಬಂದಾಗ ನೀವು 'ನಂದೇನಿಲ್ಲ' ಅಂದ್ರಿ. ಸಂಜೆ 5ಕ್ಕೆ ಬಗ್ ಬರೆದ್ರಿ. ಅಷ್ಟರಲ್ಲಿ ಬಿಲ್ಡ್ ಹೋಗಿತ್ತು, ಇಬ್ಬರು ರಾತ್ರಿ ಕೂತು ವಾಪಸ್ ತೆಗೆದ್ರು. ಬೆಳಿಗ್ಗೆ ನಿಮ್ಮ ಮನಸ್ಸಲ್ಲಿ ಏನಿತ್ತು?" ಆಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ನೀವೇ ಉತ್ತರ ತುಂಬಿಸಿದರೆ "ಸರಿ ಸರ್" ಅಂತ ಎದ್ದು ಹೋಗ್ತಾಳೆ, ಮುಂದಿನ ವಾರ ಅದೇ ಕಥೆ.

ಲೈನ್ ಸೂಪರ್‌ವೈಸರ್: ಇಷ್ಟೆಲ್ಲ ಬೇಡ. ಮೊದಲು ಎರಡು ಮಾತು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಒಬ್ಬರೂ ಅತ್ತಿಲ್ಲ.

ಹಳೇ ಲೀಡ್: ಅಳಲಿಲ್ಲ, ಸರಿ. ತಿದ್ದಿಕೊಂಡರಾ? ಸಂಕೋಚದವರು ಹೊಗಳಿಕೆ ಶುರುವಾದ ಕೂಡಲೇ ಬೈಗುಳಕ್ಕೆ ಕಾಯ್ತಾರೆ. ಹೊಗಳೋದಿದ್ದರೆ ಬೇರೆ ದಿನ, ಅದನ್ನೂ ಇದೇ ಕ್ರಮದಲ್ಲಿ.

ಲೈನ್ ಸೂಪರ್‌ವೈಸರ್: ಎಸಿ ರೂಮಲ್ಲಿ ಕೂತು ಹೇಳೋದು ಸುಲಭ ಸ್ವಾಮಿ. ನಮ್ಮಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡ್ ಮೇಲೆ ಬರೀತಾರೆ, ಹತ್ತು ಸೆಕೆಂಡ್ ಸುಮ್ಮನಿದ್ದರೆ ಲೈನ್ ನಿಲ್ಲುತ್ತೆ.

ಮೌನಿ: ನಾನೂ ಆ ಹುಡುಗಿ ಥರದವಳೇ. ಮಾತಿಗಿಂತ ಕೊಂದಿದ್ದು ಹಿಂದಿನ ಸಂಜೆ ಬಂದ ಮೆಸೇಜು: "ನಾಳೆ ಮಾತಾಡೋಣ". ಇಡೀ ರಾತ್ರಿ ನಿದ್ದೆ ಇಲ್ಲ. ಕರೆಯೋದಾದರೆ ಅದೇ ದಿನ ಕರೀರಿ, ವಿಷಯ ಏನು ಅಂತಲೂ ಬರೀರಿ: "ಮಂಗಳವಾರದ ಬಗ್ ಬಗ್ಗೆ 4 ಗಂಟೆಗೆ 15 ನಿಮಿಷ". ಉತ್ತರ ಬರೆದು ಕಳಿಸಬಹುದು ಅಂತಾನೂ ಹೇಳಿ. ನನಗೆ ಬಾಯಲ್ಲಿ ಬರದೇ ಇದ್ದಿದ್ದು ಕೈಯಲ್ಲಿ ಬರ್ತಿತ್ತು.

ಎಚ್.ಆರ್. ಅಕ್ಕ: ಚೆನ್ನಾಗಿ ಹೇಳಿದೆ ತಂಗಿ. ಲೀಡ್ ಅವರ ಮಾತಿನಲ್ಲಿ ಒಂದು ಬಿಟ್ಟುಹೋಗಿದೆ. ಬಗ್ ಹೌದೋ ಅಲ್ಲವೋ ಅಂತ ಬೆಳಿಗ್ಗೆ ಅವಳಿಗೇ ಖಾತ್ರಿ ಇರಲಿಲ್ಲ ಅಂದರೆ? ಆಗ ಕೇಳಬೇಕಾದ್ದು ಧೈರ್ಯವನ್ನಲ್ಲ, ಒಂದು ವಾಕ್ಯವನ್ನ: "ಪೇಮೆಂಟ್‌ನಲ್ಲಿ ಒಂದು ಅನುಮಾನ ಇದೆ, ಇನ್ನೂ ನೋಡ್ತಿದ್ದೀನಿ". ಎರಡು ವಾರ ಅಷ್ಟೇ ಸಾಕು. ಮತ್ತೆ, ಏಳು ತಿಂಗಳ ಹುಡುಗಿಗೆ "ನೀವು" ಅಂದರೆ ನೋಟಿಸ್ ಕೊಟ್ಟ ಹಾಗಿರುತ್ತೆ, "ನೀನು" ಅನ್ನಿ.

ಹಳೇ ಲೀಡ್: ಖಾತ್ರಿ ವಿಷಯ ಒಪ್ಪಿದೆ, ಅದಕ್ಕೇ ಕೊನೇ ಪ್ರಶ್ನೆ ಇಟ್ಟಿದ್ದು. "ನೀನು" ಮಾತ್ರ ಬೇಡ. ದಿನಾ "ನೀವು" ಅನ್ನೋರು ಅವತ್ತು "ನೀನು" ಅಂದರೆ ಗದರಿದ ಹಾಗೇ.

ಎಚ್.ಆರ್. ಅಕ್ಕ: ಧಾರವಾಡದ ಕಡೆ ಬನ್ನಿ, ಆಮೇಲೆ ಮಾತಾಡೋಣ.

ಲೈನ್ ಸೂಪರ್‌ವೈಸರ್: ಕೇಳಿದವರು ಎಲ್ಲಿ ಹೋದ್ರು?