‘ನಿರ್ವಹಣಾ ವೆಚ್ಚ’: ಬೈಪಾಸ್ ಲೆಕ್ಕದಲ್ಲಿ ಇದು ಯಾವ ಕಡೆಯ ಪದ?

ಪ್ರಶ್ನೆ (ಅನುವಾದಕಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಒಂದು ಪಟ್ಟಣದ ಹೊರಗೆ ಹಾದುಹೋಗಲಿರುವ ಬೈಪಾಸ್ ರಸ್ತೆಯ ವರದಿಯ ಕನ್ನಡ ಸಾರಾಂಶವನ್ನು ಸಾರ್ವಜನಿಕ ಅಹವಾಲು ಸಭೆಗಾಗಿ ತಿದ್ದುತ್ತಿದ್ದೇನೆ. ಹಿಂದಿನ ಕರಡಿನ ಒಂದು ಪುಟದಲ್ಲಿ ‘ನಿರ್ವಹಣಾ ವೆಚ್ಚ’ ಎಂಬ ಪದ ಎರಡು ಸಾಲುಗಳಲ್ಲಿ ಬಂದಿದೆ: ಒಂದರ ಮುಂದೆ ವರ್ಷಕ್ಕೆ 2.92 ಕೋಟಿ ರೂಪಾಯಿ, ಇನ್ನೊಂದರ ಮುಂದೆ 1.6 ಕೋಟಿ ರೂಪಾಯಿ. ಕರಡು ಸಿದ್ಧಪಡಿಸಿದವರು ಎರಡನ್ನೂ ಖರ್ಚಿನ ಪಟ್ಟಿಗೆ ಸೇರಿಸಿದ್ದಾರೆ. ಮೂಲದಲ್ಲಿ ಮೊದಲನೆಯದು ವಾಹನಗಳಿಗೆ ಸಂಬಂಧಿಸಿದ್ದು, ಎರಡನೆಯದು ರಸ್ತೆಗೆ ಸಂಬಂಧಿಸಿದ್ದು ಎಂಬುದು ಮಾತ್ರ ನನಗೆ ತಿಳಿಯುತ್ತದೆ. ಇವೆರಡಕ್ಕೆ ಬೇರೆ ಬೇರೆ ಪದಗಳು ಬೇಕೇ? ಹಾಗೆಯೇ, ಕರಡಿನಲ್ಲಿರುವ ‘ರಿಯಾಯಿತಿ ದರ ಶೇ. 12’ ಎಂಬ ಮಾತನ್ನು ಓದಿದ ಒಬ್ಬರು, ಗುತ್ತಿಗೆದಾರರು ಅಷ್ಟು ಹಣ ಬಿಟ್ಟುಕೊಡುತ್ತಾರೆಯೇ ಎಂದು ನನ್ನನ್ನು ಕೇಳಿದರು. ಅದಕ್ಕೆ ಯಾವ ಪದ ಬಳಸಬಹುದು?

ಉತ್ತರ (ನಿವೃತ್ತ ಹೆದ್ದಾರಿ ಎಂಜಿನಿಯರ್, ಮೈಸೂರು)

ಬೇರೆ ಪದಗಳು ಬೇಕೇ ಬೇಕು, ಏಕೆಂದರೆ ಇಲ್ಲಿ ಪದ ತಪ್ಪಿದರೆ ಉತ್ತರವೇ ತಿರುಗಿಬೀಳುತ್ತದೆ. ವಾಹನದ ಸಾಲಿನಲ್ಲಿರುವುದು ಡೀಸೆಲ್, ಟೈರು, ಬ್ರೇಕು, ಬಿಡಿಭಾಗಗಳ ಖರ್ಚು. ಪೇಟೆಯ ಸಂದಣಿಯಲ್ಲಿ ಮೊದಲನೆಯ, ಎರಡನೆಯ ಗೇರಿನಲ್ಲಿ ತೆವಳುವ ಲಾರಿಗೆ ಈ ಖರ್ಚು ಹೆಚ್ಚು; ಬೈಪಾಸಿನಲ್ಲಿ ದೂರ ತುಸು ಹೆಚ್ಚಾದರೂ ಓಟ ಸರಾಗವಾಗುವುದರಿಂದ ಸಾಮಾನ್ಯವಾಗಿ ಉಳಿತಾಯವಾಗುತ್ತದೆ. ಆದ್ದರಿಂದ 2.92 ಕೋಟಿ ಎಂಬುದು ಖರ್ಚಲ್ಲ, ತಪ್ಪಿದ ಖರ್ಚು, ಮತ್ತು ಅದು ಪ್ರಯೋಜನದ ಪಟ್ಟಿಗೆ ಸೇರಬೇಕು. ರಸ್ತೆಯ ಸಾಲಿನಲ್ಲಿರುವುದು ಗುಂಡಿ ಮುಚ್ಚುವುದು, ಮೋರಿಯ ಹೂಳು ತೆಗೆಯುವುದು, ಕೆಲವು ವರ್ಷಗಳಿಗೊಮ್ಮೆ ಹೊಸ ಡಾಂಬರು ಹೊದಿಸುವುದು ಇತ್ಯಾದಿಗಳ ಖರ್ಚು. ಅದು ನಿಜವಾಗಿಯೂ ಖರ್ಚೇ.

ದಯವಿಟ್ಟು ಉಳಿದ ಅಂಕಿಗಳನ್ನೂ ಕಳುಹಿಸಿ.

ಅನುವಾದಕಿ

ರಸ್ತೆ ಕಟ್ಟುವ ವೆಚ್ಚ 80 ಕೋಟಿ. ದಿನಕ್ಕೆ 8,000 ವಾಹನಗಳು ಬೈಪಾಸಿಗೆ ತಿರುಗುತ್ತವೆ ಎಂದೂ ಪ್ರತಿಯೊಂದಕ್ಕೂ 12 ನಿಮಿಷ ಉಳಿಯುತ್ತದೆ ಎಂದೂ ಅಂದಾಜಿದೆ. ಒಂದು ವಾಹನದ ಒಂದು ಗಂಟೆಗೆ 200 ರೂಪಾಯಿ ಬೆಲೆ ಕಟ್ಟಿದ್ದಾರೆ. ಲೆಕ್ಕದ ಅವಧಿ 20 ವರ್ಷ. ಪ್ರಯೋಜನವನ್ನು ವೆಚ್ಚದಿಂದ ಭಾಗಿಸಿ ಕರಡಿನಲ್ಲಿ ಬಂದಿರುವ ಅನುಪಾತ 0.77.

ಎಂಜಿನಿಯರ್

ಈಗ ಸ್ಪಷ್ಟವಾಯಿತು. 8,000 ವಾಹನಗಳ 12 ನಿಮಿಷ ಎಂದರೆ ದಿನಕ್ಕೆ 1,600 ಗಂಟೆ, ವರ್ಷಕ್ಕೆ 5,84,000 ಗಂಟೆ. ಅದರ ಬೆಲೆ 11.68 ಕೋಟಿ. ವಾಹನಗಳ ಖರ್ಚಿನ ಉಳಿತಾಯ 2.92 ಕೋಟಿ ಸೇರಿದರೆ ವರ್ಷದ ಪ್ರಯೋಜನ 14.6 ಕೋಟಿ. ಮುಂದೆ ಬರುವ ಹಣಕ್ಕೆ ಇಂದಿನ ಹಣದಷ್ಟು ಬೆಲೆಯಿಲ್ಲ; ವರ್ಷಕ್ಕೊಂದು ರೂಪಾಯಿಯಂತೆ 20 ವರ್ಷ ಬರುವ ಹಣಕ್ಕೆ ಕರಡಿನ ಆ ಶೇ. 12ರ ದರದಲ್ಲಿ ಇಂದಿನ ಬೆಲೆ 7.469 ರೂಪಾಯಿ. ಹಾಗಾಗಿ ಪ್ರಯೋಜನದ ಇಂದಿನ ಬೆಲೆ 109.05 ಕೋಟಿ, ರಸ್ತೆ ದುರಸ್ತಿಯದು 11.95 ಕೋಟಿ. ಕಟ್ಟುವ 80 ಕೋಟಿಯೂ ಸೇರಿ ಒಟ್ಟು ವೆಚ್ಚ 91.95 ಕೋಟಿ. 109.05ನ್ನು 91.95ರಿಂದ ಭಾಗಿಸಿದರೆ ಅನುಪಾತ 1.19, ಅಂದರೆ ಒಂದಕ್ಕಿಂತ ಹೆಚ್ಚು, ಪ್ರಯೋಜನ ವೆಚ್ಚವನ್ನು ಮೀರುತ್ತದೆ. ಕರಡಿನವರು 2.92 ಕೋಟಿಯನ್ನು ಪ್ರಯೋಜನದಿಂದ ತೆಗೆದು ಖರ್ಚಿಗೆ ಸೇರಿಸಿದ್ದರಿಂದ 87.24ನ್ನು 113.76ರಿಂದ ಭಾಗಿಸಿದಂತಾಗಿ 0.77 ಬಂದಿದೆ. ಒಂದೇ ಪದ ಎರಡು ಕಡೆ ಬಂದದ್ದರಿಂದ, ಕಟ್ಟಬಹುದಾದ ರಸ್ತೆ ಕಟ್ಟಬಾರದ ರಸ್ತೆಯಾಗಿ ಕಾಣುತ್ತಿದೆ. ಇದನ್ನು ಸಭೆಗೆ ಮುಂಚೆಯೇ ತಿದ್ದಿಸಲೇಬೇಕು.

ಇನ್ನೊಂದು ಮಾತು. ಕೆಲವರು ದುರಸ್ತಿಯ 11.95 ಕೋಟಿಯನ್ನು ಭಾಜಕಕ್ಕೆ ಸೇರಿಸದೆ ಪ್ರಯೋಜನದಿಂದ ಕಳೆಯುತ್ತಾರೆ, ಆಗ 97.10ನ್ನು 80ರಿಂದ ಭಾಗಿಸಿ 1.21 ಎನ್ನುತ್ತಾರೆ. ಅದು ತಪ್ಪಲ್ಲ, ಬೇರೆ ಪದ್ಧತಿ. ಎರಡರಲ್ಲೂ ನಿವ್ವಳ ಪ್ರಯೋಜನ 17.10 ಕೋಟಿಯೇ. ಆದರೆ ಎರಡು ರಸ್ತೆಗಳನ್ನು ಹೋಲಿಸುವಾಗ ಒಂದಕ್ಕೆ ಒಂದು ಪದ್ಧತಿ, ಇನ್ನೊಂದಕ್ಕೆ ಇನ್ನೊಂದು ಎಂದಾಗಬಾರದು.

ಉತ್ತರ (ಸಹಕಾರಿ ಬ್ಯಾಂಕಿನ ನಿವೃತ್ತ ವ್ಯವಸ್ಥಾಪಕರು, ಶಿರಸಿ)

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ನಮ್ಮ ವ್ಯವಹಾರದಲ್ಲಿ ‘ಸೋಡಿ’ ಎಂಬ ಪದ ಮೊದಲಿನಿಂದಲೂ ಇದೆ. ಮೂರು ತಿಂಗಳ ನಂತರ ಕೈಸೇರುವ 1,000 ರೂಪಾಯಿಯ ಹುಂಡಿಯನ್ನು ಇಂದೇ ವಟಾಯಿಸಿದರೆ, ವರ್ಷಕ್ಕೆ ಶೇ. 12ರಂತೆ 30 ರೂಪಾಯಿ ಸೋಡಿ ಮುರಿದುಕೊಂಡು 970 ಕೊಡುತ್ತಿದ್ದೆವು. ‘ಸೋಡಿ ದರ’ ಎಂದರೆ ಸಾಕು. ಬೆಲೆಗಳು ಏರುತ್ತ ಹೋಗಿ ರೂಪಾಯಿ ಸವೆಯುತ್ತದೆ, ಆ ಸವಕಳಿಯನ್ನು ಕಳೆಯುವುದೇ ಇದರ ಉದ್ದೇಶ.

ಎಂಜಿನಿಯರ್

ಪದ ಸೊಗಸಾಗಿದೆ, ಆದರೆ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಹುಂಡಿಯ ಸೋಡಿಯನ್ನು ಮುಖಬೆಲೆಯಿಂದ ಕಳೆಯುತ್ತಾರೆ. ಅದೇ ರೀತಿ ಇಲ್ಲಿಯೂ ವರ್ಷಕ್ಕೆ ಶೇ. 12 ಕಳೆಯುತ್ತ ಹೋದರೆ ಒಂಬತ್ತನೆಯ ವರ್ಷದಲ್ಲೇ ಬೆಲೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ರಸ್ತೆಯ ಲೆಕ್ಕದಲ್ಲಿ ಕಳೆಯುವುದಿಲ್ಲ, ಪ್ರತಿ ವರ್ಷಕ್ಕೂ 1.12ರಿಂದ ಭಾಗಿಸುತ್ತೇವೆ. ಮುಂದಿನ ವರ್ಷದ 100 ರೂಪಾಯಿ ಇಂದು 89.29, ಇಪ್ಪತ್ತನೆಯ ವರ್ಷದ 100 ರೂಪಾಯಿ ಇಂದು 10.37.

ಬೆಲೆಯೇರಿಕೆಯ ವಿಚಾರದಲ್ಲಿ ನಿಮ್ಮ ಮಾತು ಅರ್ಧ ಸರಿ. ಬ್ಯಾಂಕಿನ ಬಡ್ಡಿಯಲ್ಲಿ ಬೆಲೆಯೇರಿಕೆಯೂ ಅಡಗಿರುತ್ತದೆ. ಈ ವರದಿಯಲ್ಲಾದರೋ 200 ರೂಪಾಯಿಯ ಗಂಟೆ ಇಪ್ಪತ್ತನೆಯ ವರ್ಷದಲ್ಲೂ 200 ರೂಪಾಯಿಯೇ, ಅಂದರೆ ಬೆಲೆಯೇರಿಕೆಯನ್ನು ಮೊದಲೇ ಹೊರಗಿಟ್ಟಾಗಿದೆ. ಇಲ್ಲಿನ ದರ ಹೇಳುವುದು, ಈ 80 ಕೋಟಿಯನ್ನು ಬೇರೆ ಕೆಲಸಕ್ಕೆ ಹಾಕಿದ್ದರೆ ಏನು ಸಿಗುತ್ತಿತ್ತು ಎಂಬುದನ್ನು. ನಮ್ಮ ಹೆದ್ದಾರಿ ವರದಿಗಳಲ್ಲಿ ಶೇ. 12 ರೂಢಿಯಲ್ಲಿದೆ, ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಲ್ಲಿ ಅದು ಶೇ. 3.5. ಆ ದರ ಹಿಡಿದರೆ ಇದೇ ಬೈಪಾಸಿನ ಅನುಪಾತ 2.02 ಆಗುತ್ತದೆ. ಆದ್ದರಿಂದ ಯಾವ ಪದ ಇಟ್ಟರೂ ದರವನ್ನು ಅನುಪಾತದ ಪಕ್ಕದಲ್ಲೇ ಬರೆಯಿರಿ.

ಉತ್ತರ (ಶಾಲಾ ಶಿಕ್ಷಕರು, ತುಮಕೂರು ಜಿಲ್ಲೆ)

ನನ್ನದೊಂದು ಆಕ್ಷೇಪ. ಇಷ್ಟೆಲ್ಲ ‘ಲಾಭ’ ಎನ್ನುತ್ತೀರಿ, ಅದು ಯಾರ ಲಾಭ? ನಮ್ಮೂರಿನ ಹೊರಗೆ ಬೈಪಾಸ್ ಆದ ಮೇಲೆ ನಮ್ಮ ತಂದೆಯವರ ಹೋಟೆಲಿಗೆ ಬರುತ್ತಿದ್ದ ಲಾರಿಯವರು ನಿಂತುಹೋದರು. ಬೆಳಗಿನ ಇಡ್ಲಿಗೆ ಎರಡು ಪಾತ್ರೆ ಹಿಟ್ಟು ಬೇಕಿದ್ದಲ್ಲಿ ಒಂದು ಪಾತ್ರೆಯೂ ಖರ್ಚಾಗದಂತಾಯಿತು. ಅದು ನಿಮ್ಮ ಯಾವ ಸಾಲಿನಲ್ಲಿದೆ?

ಎಂಜಿನಿಯರ್

ಕೇಳಿದ ಪ್ರಶ್ನೆ ಪದದ್ದೇ ಆದರೂ ನಿಮ್ಮ ಮಾತು ಅದಕ್ಕೇ ಬಂದು ಮುಟ್ಟುತ್ತದೆ. ನಾನು ‘ಪ್ರಯೋಜನ’ ಎಂದೇ ಬರೆದಿದ್ದೇನೆ, ‘ಲಾಭ’ ಎನ್ನಲಿಲ್ಲ. ಲಾಭಕ್ಕೆ ಒಬ್ಬ ಒಡೆಯನಿರುತ್ತಾನೆ. ಅಮೆರಿಕದ 1936ರ ಪ್ರವಾಹ ನಿಯಂತ್ರಣ ಕಾಯ್ದೆಯಲ್ಲಿ, ಪ್ರಯೋಜನ ಯಾರಿಗೇ ಸೇರಲಿ ಅದು ವೆಚ್ಚವನ್ನು ಮೀರಬೇಕು ಎಂಬ ಮಾತಿದೆ. ಆ ‘ಯಾರಿಗೇ ಸೇರಲಿ’ ಎಂಬುದೇ ಈ ಲೆಕ್ಕದ ಬಲ, ಮಿತಿಯೂ ಹೌದು. ನಿಮ್ಮ ತಂದೆಯವರು ಕಳೆದುಕೊಂಡ ವ್ಯಾಪಾರ ಬೈಪಾಸ್ ಪಕ್ಕದ ಇನ್ನೊಬ್ಬರಿಗೆ ಹೋಯಿತು, ಒಟ್ಟಿನಲ್ಲಿ ಏನೂ ಬದಲಾಗಲಿಲ್ಲ ಎಂದು ಲೆಕ್ಕ ಹೇಳುತ್ತದೆ. ಆ ನಷ್ಟಕ್ಕೆ ಅನುಪಾತದಲ್ಲಿ ಜಾಗವಿಲ್ಲ, ಆದರೆ ವರದಿಯಲ್ಲಿ ಪ್ರತ್ಯೇಕವಾಗಿ ಬರೆಯಲೇಬೇಕು ಎಂದು ನಾನು ನಂಬಿದ್ದೇನೆ.

ಶಿಕ್ಷಕರು

ಒಟ್ಟಿನಲ್ಲಿ ಏನೂ ಬದಲಾಗಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ‘ಪ್ರಯೋಜನ’ ಎಂಬ ಪದವನ್ನು ಒಪ್ಪುತ್ತೇನೆ.

ಅನುವಾದಕಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮೊದಲ ಸಾಲನ್ನು ‘ವಾಹನ ಓಡಿಸುವ ಖರ್ಚಿನಲ್ಲಿ ಉಳಿತಾಯ’ ಎಂದೂ ಎರಡನೆಯದನ್ನು ‘ರಸ್ತೆಯ ವಾರ್ಷಿಕ ದುರಸ್ತಿ ವೆಚ್ಚ’ ಎಂದೂ, ಅನುಪಾತವನ್ನು ‘ಪ್ರಯೋಜನ-ವೆಚ್ಚ ಅನುಪಾತ’ ಎಂದೂ ಬರೆದು, ತಿದ್ದಿದ ಲೆಕ್ಕವನ್ನು ವರದಿ ಸಿದ್ಧಪಡಿಸಿದವರಿಗೆ ಇಂದೇ ಕಳುಹಿಸುತ್ತೇನೆ. ‘ರಿಯಾಯಿತಿ ದರ’ವನ್ನು ಕೈಬಿಟ್ಟಿದ್ದೇನೆ. ‘ಸೋಡಿ ದರ’ ಎಂದರೆ ಕಳೆಯುವ ಅರ್ಥ ಅಂಟಿಕೊಳ್ಳುತ್ತದೆ. ‘ಇಂದಿನ ಬೆಲೆಗೆ ಇಳಿಸುವ ದರ’ ಎಂದರೆ ಅರ್ಥವಾಗುತ್ತದೆ, ಆದರೆ ಪಟ್ಟಿಯ ತಲೆಬರಹಕ್ಕೆ ಉದ್ದವಾಯಿತು. ಚಿಕ್ಕದಾಗಿ ‘ಇಳಿದರ’ ಎನ್ನೋಣವೆಂದರೆ, ಅಗ್ಗದ ದರ ಎಂದು ಓದಿಯಾರು ಎಂಬ ಅಳುಕಿದೆ. ಹುಂಡಿ ವ್ಯವಹಾರ ಬಲ್ಲ ಹಿರಿಯರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.