ಊಟದ ಪೆಟ್ಟಿಗೆಯ ಚಂದಾ ರದ್ದು ಮಾಡಿದ ಮೇಲೂ ಹಣ ಕಡಿತ: ವಾರ ಬಿಡಬೇಕಿತ್ತೇ?

ಎಡಿಸನ್_ಅಡುಗೆಮನೆ: ನಾನು ನ್ಯೂಜೆರ್ಸಿಯಲ್ಲಿದ್ದು, ಅಡುಗೆ ಸಾಮಗ್ರಿಯನ್ನು ಅಳತೆ ಮಾಡಿ ಕಳುಹಿಸುವ ಕಂಪನಿಯೊಂದರ ಚಂದಾದಾರಳು. ಪೆಟ್ಟಿಗೆ ಪ್ರತಿ ಗುರುವಾರ ಬರುತ್ತದೆ. ಬದಲಾವಣೆಗೆ ಐದು ದಿನ ಮೊದಲಿನ ರಾತ್ರಿ 11:59, ಪೆಸಿಫಿಕ್ ಸಮಯ, ಕೊನೆಯ ಗಡುವು. ಮೂರು ವಾರ ಊರಿಗೆ ಹೋಗಲಿರುವುದರಿಂದ ಭಾನುವಾರ ಬೆಳಿಗ್ಗೆ 8ಕ್ಕೆ ಚಂದಾವನ್ನೇ ರದ್ದು ಮಾಡಿದೆ. ದೃಢೀಕರಣದ ಮೇಲ್ ಬಂದಿದೆ, ಆದರೂ ಈ ಗುರುವಾರದ ಹಣ ಕಡಿತವಾಗಿದೆ. ರದ್ದು ಮಾಡುವ ಬದಲು ವಾರ ಬಿಟ್ಟಿದ್ದರೆ ಉಳಿಯುತ್ತಿತ್ತೇ?

ಬೆಂಗಳೂರು_ಹಾಲು: ನಮ್ಮ ಹಾಲಿನ ಆ್ಯಪಿನಲ್ಲಿ ಹಿಂದಿನ ರಾತ್ರಿ ಬೇಡವೆಂದರೂ ಸಾಕು, ಮರುದಿನ ಹಾಲು ಬರುವುದಿಲ್ಲ. ನೀವು ಬುಧವಾರ ರಾತ್ರಿ ಮತ್ತೊಮ್ಮೆ ರದ್ದು ಮಾಡಿ ನೋಡಿ.

ಗೋದಾಮು_ಅನುಭವಿ: ಹಾಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುರುವಾರದ ಪೆಟ್ಟಿಗೆಗೆ ಗಡುವು ಶನಿವಾರ ರಾತ್ರಿ 11:59 ಪೆಸಿಫಿಕ್, ಅಂದರೆ ನಿಮ್ಮಲ್ಲಿ ಭಾನುವಾರ ಬೆಳಗಿನ ಜಾವ 2:59. ನೀವು ಐದು ಗಂಟೆ ತಡವಾಗಿದ್ದಿರಿ. ಆ ಹೊತ್ತಿಗೆ ವಾರ ಬಿಡುವ ಗುಂಡಿಯೂ ಕೆಲಸ ಮಾಡುತ್ತಿರಲಿಲ್ಲ, ಏಕೆಂದರೆ ಎರಡಕ್ಕೂ ಗಡುವು ಒಂದೇ. ರದ್ದತಿ ನಿಲ್ಲಿಸುವುದು ಇನ್ನೂ ಗಡುವು ದಾಟದ ವಾರಗಳನ್ನು ಮಾತ್ರ. ನಿಮ್ಮ ಖಾತೆಯ ವಾರಗಳ ಪಟ್ಟಿಯನ್ನು ತೆರೆದರೆ ಗುರುವಾರದ ಪೆಟ್ಟಿಗೆ ಇನ್ನೂ ಜೀವಂತವಾಗಿರುವುದು ಕಾಣಬೇಕು.

ಡಲ್ಲಾಸ್_ಒಗ್ಗರಣೆ: ಭಾನುವಾರ ಪ್ಯಾಕಿಂಗ್ ಶುರುವಾಗಿಯೇ ಇರುವುದಿಲ್ಲವಲ್ಲ! ಫೋನ್ ಮಾಡಿ ಹಾಗೆಂದು ಹೇಳಿ, ನಿಲ್ಲಿಸಲೇಬೇಕು. ನನಗೆ ಒಮ್ಮೆ ನಿಲ್ಲಿಸಿಕೊಟ್ಟಿದ್ದಾರೆ.

ಗೋದಾಮು_ಅನುಭವಿ: ಫೋನ್ ಮಾಡುವುದು ಸರಿ, ಆದರೆ ಅದು ಅವರ ಸೌಜನ್ಯ, ನಿಮ್ಮ ಹಕ್ಕಲ್ಲ. ಪ್ಯಾಕಿಂಗಿಗೆ ಮುಂಚೆಯೇ ಗಡುವು ಇಟ್ಟಿರುವುದಕ್ಕೆ ಕಾರಣವಿದೆ: ಆ ರಾತ್ರಿಯ ಎಣಿಕೆಯನ್ನು ನೋಡಿ ತರಕಾರಿ, ಮಾಂಸ, ಸೊಪ್ಪನ್ನು ತರಿಸಿ, ಪಾಕವಿಧಾನಕ್ಕೆ ತಕ್ಕಂತೆ ಸಣ್ಣ ಪೊಟ್ಟಣಗಳಾಗಿ ಭಾಗ ಮಾಡಿ, ಮಂಜುಗಡ್ಡೆಯ ಚೀಲದೊಡನೆ ಪೆಟ್ಟಿಗೆಗೆ ತುಂಬಿ, ಲಾರಿಯಲ್ಲಿ ದೂರದ ಊರಿಗೆ ಕಳುಹಿಸಲು ಆ ದಿನಗಳೇ ಬೇಕಾಗುತ್ತವೆ. ಪೆಟ್ಟಿಗೆ ಕಟ್ಟಿಲ್ಲವಾದರೂ ಸೊಪ್ಪು ಆಗಲೇ ಖರೀದಿಯಾಗಿರುತ್ತದೆ.

ನಿಮ್ಮ ಮೂರು ವಾರಗಳಿಗೆ ವಾರ ಬಿಡುವುದೇ ಸೂಕ್ತವಾಗಿತ್ತು, ಆದರೆ ಮೂರನ್ನೂ ಪ್ರತ್ಯೇಕವಾಗಿ ಗುರುತಿಸಬೇಕು. ಒಂದನ್ನು ಮರೆತರೂ ಆ ವಾರದ ಪೆಟ್ಟಿಗೆ ಬೀಗ ಹಾಕಿದ ಮನೆಯ ಬಾಗಿಲಿಗೆ ಬರುತ್ತದೆ, ನಾಲ್ಕನೆಯದು ಹೇಗೂ ತಾನಾಗಿಯೇ ಬರುತ್ತದೆ. ಥ್ಯಾಂಕ್ಸ್‌ಗಿವಿಂಗ್‌ನಂಥ ರಜೆಯ ವಾರಗಳಲ್ಲಿ ತಲುಪಿಸುವ ದಿನ ಸರಿದರೆ ಗಡುವೂ ಸರಿಯಬಹುದು, ಆಗ ಅಭ್ಯಾಸವನ್ನು ನಂಬದೆ ಆ ವಾರದ ದಿನಾಂಕವನ್ನೇ ನೋಡಿ. ಈಗ ಉಳಿದಿರುವ ದಾರಿಯೆಂದರೆ ಈ ಪೆಟ್ಟಿಗೆಯ ವಿಳಾಸವನ್ನು ಸ್ನೇಹಿತರ ಮನೆಗೆ ಬದಲಿಸಲು ಕೇಳುವುದು.

ಎಡಿಸನ್_ಅಡುಗೆಮನೆ: ಪಟ್ಟಿಯಲ್ಲಿ ಗುರುವಾರದ ಪೆಟ್ಟಿಗೆ ನಿಜಕ್ಕೂ ಹಾಗೆಯೇ ಇದೆ, ಮುಂದಿನವು ಇಲ್ಲ. ವಿಳಾಸ ಬದಲಿಸುವ ಜಾಗ ಮುಚ್ಚಿಕೊಂಡಿದೆ. ಸಹಾಯವಾಣಿಯವರು ವಿಚಾರಿಸಿ ತಿಳಿಸುತ್ತೇವೆ ಎಂದಿದ್ದಾರೆ, ಹಣದ ಬಗ್ಗೆ ಏನೂ ಹೇಳಲಿಲ್ಲ. ಹಿಂದಿರುಗಿದ ಮೇಲೆ ಚಂದಾ ಮತ್ತೆ ಶುರು ಮಾಡಿದರೆ ಹಳೆಯ ರಿಯಾಯಿತಿ ಉಳಿಯುತ್ತದೆಯೇ ಎಂಬುದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.