ಪದಚರ್ಚೆ: ಲಿಪ್‌ಸ್ಟಿಕ್‌ನ ‘ನ್ಯೂಡ್’ಗೆ ಕನ್ನಡದಲ್ಲಿ ಏನೆನ್ನೋಣ?

ಬದಿಯಡ್ಕದಿಂದ:
ಬಂಧುಗಳೇ, ಅತ್ತಿಗೆಯ ಫ್ಯಾನ್ಸಿ ಅಂಗಡಿಗೆ ಕನ್ನಡದಲ್ಲಿ ಲಿಪ್‌ಸ್ಟಿಕ್ ಪಟ್ಟಿ ಬರೆದುಕೊಡುತ್ತಿದ್ದೇನೆ. ಮೈಬಣ್ಣಕ್ಕೆ ಎಣ್ಣೆಗಪ್ಪು, ಎಣ್ಣೆಗೆಂಪು, ಬಿಳಿ ಎಂದು ಮೂರು ಸಾಲು. ‘ಗೋಧಿ ಬಣ್ಣ’ ವಧೂವರರ ಜಾಹೀರಾತಿನ ಮಾತು. ಕಂಗಿನ ತೋಟದ ನಡುವೆ ಗೋಧಿ ಪೈರನ್ನು ಕಂಡವರು ಯಾರು? ತೊಡಕಿರುವುದು ‘ನ್ಯೂಡ್’ನಲ್ಲಿ. ‘ನಗ್ನ’ ಎಂದರೆ ಅಂಗಡಿಯ ಮಾನ ಹೋದೀತು. ‘ತಿಳಿಗಂದು’ ಎಂದು ಬರೆದೆ. ಎಣ್ಣೆಗಪ್ಪಿನ ಹುಡುಗಿಯೊಬ್ಬಳು ದಿನಾ ಕಚೇರಿಗೆ ಹಚ್ಚಲೆಂದು ಅದನ್ನೇ ಕೊಂಡು, ‘ತುಟಿಗೆ ಬೂದಿ ಬಳಿದಂತಿದೆ’ ಎಂದು ಮರುದಿನ ಹಿಂದಕ್ಕೆ ತಂದಳು. ಪದ ತಪ್ಪೋ, ಬಣ್ಣ ತಪ್ಪೋ?

ನೀಲೇಶ್ವರದಿಂದ:
‘ಮೈಬಣ್ಣ’ ಎಂದು ಬರೆಯಿರಿ, ಮುಗಿಯಿತು. ನಿಮ್ಮ ಎಣ್ಣೆಗೆಂಪಿಗೆ ಮಲಯಾಳದಲ್ಲಿ ‘ಇರುನಿರಂ’ ಎನ್ನುತ್ತಾರೆ. ಎರಡು ಬಣ್ಣ ಸೇರಿದ್ದು ಎಂದರ್ಥ.

ಮಂಜೇಶ್ವರದಿಂದ:
ಮದುಮಗಳ ಅಲಂಕಾರ ನನ್ನ ಕಸುಬು. ‘ಮೈಬಣ್ಣ’ ಅರ್ಧ ಸರಿ. ನ್ಯೂಡ್ ಎನ್ನುವುದು ಒಂದು ಬಣ್ಣವಲ್ಲ. ಹಚ್ಚಿದವರ ತುಟಿಯ ಸಹಜ ಬಣ್ಣಕ್ಕೆ ಹತ್ತಿರವಿರುವುದು. ಹಾಗಾಗಿ ಅದು ಮುಖದಿಂದ ಮುಖಕ್ಕೆ ಬದಲಾಗುತ್ತದೆ. ತಿಳಿಗಂದಿನ ಕಡ್ಡಿಯಲ್ಲಿ ಬಿಳಿಯ ಪಾಲು ಹೆಚ್ಚು. ಕಪ್ಪು ಚರ್ಮದ ಮೇಲೆ ಆ ಬಿಳಿ ಎದ್ದು ಕಂಡು ಬೂದಿಯಂತಾಗುತ್ತದೆ. ಆ ಹುಡುಗಿಗೆ ಕೆಂಪು ಬೆರೆತ ಗಾಢ ಕಂದು, ಅಂದರೆ ಹಳೆಯ ಬೆಲ್ಲದ ಬಣ್ಣ, ನ್ಯೂಡ್ ಆಗುತ್ತದೆ. ಸ್ವಲ್ಪ ಎದ್ದು ಕಾಣಬೇಕೆಂದರೆ ಪುನರ್ಪುಳಿ ಸಿಪ್ಪೆಯ ಬಣ್ಣ. ಎಣ್ಣೆಗೆಂಪಿನವರಿಗೆ ಮುರಕಲ್ಲಿನ ಕೆಂಪು ದಿನಬಳಕೆಗೆ ಚೆನ್ನ. ತೆಳುವಾಗಿ ಹಚ್ಚಿದರೆ ಸಾಕು. ಕೊಂಡದ್ದನ್ನು ಎಸೆಯುವುದು ಬೇಡ: ತುಟಿಯ ಅಂಚಿಗೆ ಗಾಢ ಕಂದು ಪೆನ್ಸಿಲ್ ಎಳೆದು ಒಳಕ್ಕೆ ಹರಡಿ, ನಡುವೆ ಮಾತ್ರ ಆ ತಿಳಿಗಂದನ್ನು ಬೆರಳಿನಿಂದ ಒತ್ತಲಿ. ಮುಂದೆ ಕೊಳ್ಳುವಾಗ ಮಣಿಕಟ್ಟಿನ ಮೇಲೆ ಗೀರಿ ನೋಡುವುದಕ್ಕಿಂತ ಬೆರಳ ತುದಿಯಲ್ಲಿ ನೋಡುವುದು ವಾಸಿ. ಅಲ್ಲಿನ ಬಣ್ಣ ತುಟಿಗೆ ಹೆಚ್ಚು ಹತ್ತಿರ. ಅಂಗಡಿಯ ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿಯೂ ನೋಡಬೇಕು.

ಕುಂಬಳೆಯಿಂದ:
ನಾನು ಬಿಳಿ ಮೈಬಣ್ಣದವಳು. ತಿಳಿಗಂದು ಹಚ್ಚಿದರೆ ನನ್ನನ್ನೂ ‘ಜ್ವರವೇ?’ ಎಂದು ಕೇಳುತ್ತಾರೆ! ಮಾಸಲು ಗುಲಾಬಿಯೇ ನನಗೆ ಸರಿ. ಅಂದ ಹಾಗೆ, ಬೇಸಗೆಯಲ್ಲಿ ಕಡ್ಡಿ ಕರಗದಂತೆ ಇಡುವುದು ಹೇಗೆ?

ಮಂಜೇಶ್ವರದಿಂದ:
ಬಿಸಿಲು ಬೀಳುವ ಕಡೆ ಇಡಬೇಡಿ, ಅಷ್ಟೇ. ಬಿಳಿ ಮೈಯವರಿಗೂ ತುಟಿ ಮುಖದೊಳಗೆ ಮರೆಯಾಗುವಷ್ಟು ತಿಳಿಯಾದದ್ದು ಹೊಂದುವುದಿಲ್ಲ. ಅದಕ್ಕೇ ‘ಮೈಬಣ್ಣ’ ಬೇಡ, ‘ತುಟಿಬಣ್ಣ’ ಎನ್ನಿ.

ಪೆರ್ಲದಿಂದ:
‘ತುಟಿಬಣ್ಣ’ ಎಂದರೆ ಲಿಪ್‌ಸ್ಟಿಕ್ ಎಂದೇ ಜನ ತಿಳಿಯುತ್ತಾರಲ್ಲ! ಇನ್ನು, ‘ಇರುನಿರಂ’ನ ‘ಇರು’ ಎರಡೇ ಏಕಾಗಬೇಕು? ನಮ್ಮ ‘ಇರುಳು’ ಅಲ್ಲಿ ಅಡಗಿರಬಾರದೇ?

ಬದಿಯಡ್ಕದಿಂದ:
ಸದ್ಯಕ್ಕೆ ‘ನ್ಯೂಡ್’ ಎಂದೇ ಇಟ್ಟು, ಮೂರು ಸಾಲಿಗೂ ಬೆಲ್ಲ, ಮುರಕಲ್ಲು, ಮಾಸಲು ಗುಲಾಬಿ ಎಂದು ಬೇರೆಬೇರೆ ಬರೆದಿದ್ದೇನೆ. ‘ತುಟಿಯಸಲು’ ಎಂದರೆ ಹೇಗೆ? ಅತ್ತಿಗೆಗಂತೂ ನಗು ಬಂತು.